ಸಂಘ ಬಿಡುವವರಿಗೆ ಎಷ್ಟು ಕೊಡಬೇಕು? ನಾನು ಲೆಕ್ಕ ಹಾಕಿದ ರೀತಿ

ನಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವುದು ನಾನೇ. ವಾರದ ಲೆಕ್ಕ ಕಷ್ಟವೇನಲ್ಲ. ಉಳಿತಾಯ ಇಷ್ಟು ಬಂತು, ಸಾಲ ಇಷ್ಟು ಹೋಯಿತು, ಕೈಯಲ್ಲಿ ಇಷ್ಟು ಶಿಲ್ಕು ಉಳಿಯಿತು ಅಂತ ಬರೆದರೆ ಮುಗಿಯಿತು. ನಿಜವಾದ ಪರೀಕ್ಷೆ ಬರುವುದು ಒಬ್ಬ ಸದಸ್ಯೆ ಎದ್ದು ನಿಂತು "ನಾನು ಮಗನ ಮನೆಗೆ ಹೋಗ್ತಿದೀನಿ, ನನ್ನ ಲೆಕ್ಕ ಮುಗಿಸಿಬಿಡಿ" ಅಂದ ದಿನ. ಆಗ ಉಳಿತಾಯ, ಸಾಲ, ಬಡ್ಡಿ, ಲಾಭ ನಾಲ್ಕೂ ಒಟ್ಟಿಗೆ ಎದುರು ನಿಲ್ಲುತ್ತವೆ. ನಮ್ಮಲ್ಲಿ ಹಾಗೆ ಒಬ್ಬರು ಹೊರಟಾಗ ನಾನು ಲೆಕ್ಕ ಹಾಕಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಸಂಘದ ಪರಿಸ್ಥಿತಿ ಹೇಳಿಬಿಡುತ್ತೇನೆ. ಆಗ ಸಂಘಕ್ಕೆ ಮೂರು ವರ್ಷ, ಅಂದರೆ 36 ತಿಂಗಳು. ಸದಸ್ಯರು 12 ಜನ. ಎಲ್ಲರೂ ತಿಂಗಳ ಮೊದಲ ಸಭೆಯಲ್ಲೇ 200 ರೂಪಾಯಿ ಉಳಿತಾಯ ಕಟ್ಟುತ್ತಾರೆ. ಹತ್ತು ಜನ ಶುರುವಿನಿಂದಲೂ ಇದ್ದವರು, ಅವರ ಉಳಿತಾಯ ತಲಾ 7,200. ಇಬ್ಬರು ಕೊನೆಯ ವರ್ಷ ಸೇರಿದವರು, ಅವರದು ತಲಾ 2,400. ಒಟ್ಟು 76,800. ಒಳಸಾಲಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಬ್ಯಾಂಕಿನ ಸಾಲವೂ ಇತ್ತು. ಹೊರಟವರು ಹಳೆಯ ಸದಸ್ಯೆ.

ಅವರ ಉಳಿತಾಯ 7,200 ಅಂತ ಪಾಸ್‌ಬುಕ್ಕಿನಲ್ಲೇ ಇದೆ. ಅದರಲ್ಲಿ ಜಗಳವಿಲ್ಲ. ಜಗಳ ಇರುವುದು ಲಾಭದ ಪಾಲಿನಲ್ಲಿ. ಪಾಲು ಹೇಳಬೇಕಾದರೆ ಸಂಘದ ಲಾಭ ಎಷ್ಟು ಅಂತ ಗೊತ್ತಿರಬೇಕು. ಲಾಭ ಸರಿಯಾಗಿ ಗೊತ್ತಾಗಬೇಕಾದರೆ ಸಾಲಕ್ಕೆ ಬಂದ ಪ್ರತಿ ಕಂತಿನಲ್ಲೂ ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬೇರೆ ಮಾಡಿರಬೇಕು. ಹೆಚ್ಚಿನ ಸಂಘಗಳ ಲೆಕ್ಕ ಹಾದಿ ತಪ್ಪುವುದು ಇಲ್ಲೇ.

ಒಂದು ಸಾಲ ತೆಗೆದುಕೊಳ್ಳಿ. 10,000 ರೂಪಾಯಿ ಕೊಟ್ಟಿದ್ದೇವೆ. ಮೊದಲ ತಿಂಗಳು ಆಕೆ 1,200 ಕಟ್ಟಿದರು. ಬಡ್ಡಿ 200, ಅಸಲಿಗೆ 1,000, ಬಾಕಿ 9,000. ಎರಡನೇ ತಿಂಗಳು 1,180 ಕಟ್ಟಿದರು. ಬಡ್ಡಿ 180, ಅಸಲಿಗೆ 1,000, ಬಾಕಿ 8,000. ಮೂರನೇ ತಿಂಗಳು ಬರಲಿಲ್ಲ. ನಾಲ್ಕನೇ ತಿಂಗಳು 1,500 ತಂದರು. ಈಗ ಮೂರನೇ ತಿಂಗಳ ಬಡ್ಡಿ 160, ನಾಲ್ಕನೆಯದು 160, ಒಟ್ಟು 320 ಮೊದಲು ಮುರಿದುಕೊಳ್ಳಬೇಕು. ಉಳಿದ 1,180 ಅಸಲಿಗೆ ಹೋಗುತ್ತದೆ. ಬಾಕಿ 6,820. ಬಡ್ಡಿಯ ಮೇಲೆ ಬಡ್ಡಿ ನಾವು ಹಾಕುವುದಿಲ್ಲ, ಹಾಗಂತ ನಿರ್ಣಯವೇ ಇದೆ.

ಇಲ್ಲಿ 1,500 ಪೂರ್ತಿ ಅಸಲಿಗೆ ಬರೆದುಬಿಟ್ಟರೆ ನಗದು ಪುಸ್ತಕ ಏನೂ ಹೇಳುವುದಿಲ್ಲ. ಬಂದ ದುಡ್ಡು ಸರಿಯಾಗೇ ಇದೆ, ಶಿಲ್ಕೂ ತಾಳೆಯಾಗುತ್ತದೆ. ಆದರೆ ಆಕೆಯ ಬಾಕಿ 320 ಕಮ್ಮಿ ಕಾಣುತ್ತದೆ, ಸಂಘದ ಲಾಭವೂ 320 ಕಮ್ಮಿಯಾಗುತ್ತದೆ. ಆಸ್ತಿ ಜವಾಬ್ದಾರಿ ಪಟ್ಟಿ ಎರಡೂ ಕಡೆ ಒಂದೇ ಮೊತ್ತ ಕಮ್ಮಿಯಾಗಿ ಸುಮ್ನೆ ತಾಳೆ ಬಿದ್ದಿರುತ್ತದೆ. ಹಾಗಾಗಿ ತಾಳೆ ಆಯಿತು ಅಂತ ನಂಬುವ ಹಾಗಿಲ್ಲ. ನಾನು ಮಾಡುವುದು ಇಷ್ಟು: ಸಾಲದ ಲೆಡ್ಜರಿನಲ್ಲಿ ಪ್ರತಿ ಕಂತಿನ ಎದುರು ಎಷ್ಟು ತಿಂಗಳ ಬಡ್ಡಿ ಅಂತ ಒಂದು ಸಣ್ಣ ಕಾಲಂ ಬರೆಯುತ್ತೇನೆ. ಒಂದು ತಿಂಗಳು ತಪ್ಪಿದವರ ಮುಂದಿನ ಸಾಲಿನಲ್ಲಿ 2 ಅಂತ ಇರಲೇಬೇಕು. ಇಲ್ಲದಿದ್ದರೆ ಅಲ್ಲೇ ತಪ್ಪು ಸಿಗುತ್ತದೆ.

ಲೆಡ್ಜರ್ ಹೀಗೆ ಒಪ್ಪವಾಗಿದ್ದರೆ ಲಾಭ ತೆಗೆಯುವುದು ಸುಲಭ. ಮೂರು ವರ್ಷದಲ್ಲಿ ಕೈಗೆ ಬಂದ ಬಡ್ಡಿ ಮತ್ತು ದಂಡ 45,152. ಬ್ಯಾಂಕಿಗೆ ಕಟ್ಟಿದ ಬಡ್ಡಿ 14,900. ಪುಸ್ತಕ, ಬಸ್ಸಿನ ಖರ್ಚು, ಪುಸ್ತಕ ಬರೆಯುವವರ ಗೌರವಧನ ಎಲ್ಲಾ ಸೇರಿ 6,252. ಉಳಿದದ್ದು 24,000. ಬರಬೇಕಾಗಿದ್ದೂ ಬಾರದ ಬಡ್ಡಿಯನ್ನು ನಾನು ಇದರಲ್ಲಿ ಸೇರಿಸಲಿಲ್ಲ. ಕಾಗದದ ಮೇಲಿನ ಬಡ್ಡಿಯನ್ನು ಲಾಭ ಅಂತ ಹಂಚಿದರೆ ಕೊಡುವ ದುಡ್ಡು ಬೇರೆಯವರ ಉಳಿತಾಯದಿಂದ ಹೋಗುತ್ತದೆ, ಅಲ್ವಾ?

ಆ 24,000 ಕೂಡ ಪೂರ್ತಿ ಹಂಚುವಂತಿರಲಿಲ್ಲ. ಹಿಂದೆ ಊರು ಬಿಟ್ಟು ಹೋದ ಒಬ್ಬರ ಉಳಿತಾಯವನ್ನೆಲ್ಲಾ ಸಾಲಕ್ಕೆ ಮುರಿದುಕೊಂಡ ಮೇಲೂ 3,552 ಬಾಕಿ ನಿಂತಿತ್ತು. ಅದು ವಾಪಸ್ ಬರುವ ನಂಬಿಕೆ ಯಾರಿಗೂ ಇರಲಿಲ್ಲ. ಅಷ್ಟನ್ನು ಮುಳುಗುವ ಸಾಲಕ್ಕೆ ಅಂತ ಎತ್ತಿಟ್ಟೆವು. ಹಂಚಬಹುದಾದ ಲಾಭ 20,448.

ಈ ಅಂಕಿ ನಿಜವೋ ಅಂತ ಇನ್ನೊಂದು ಕಡೆಯಿಂದ ನೋಡಿದೆ. ಸಂಘದ ಹತ್ತಿರ ಏನಿದೆ? ಸದಸ್ಯರ ಮೇಲಿನ ಸಾಲ 1,92,852, ಬ್ಯಾಂಕಿನಲ್ಲಿ 11,748, ಕೈಯಲ್ಲಿ 1,200. ಒಟ್ಟು 2,05,800. ಸಂಘ ಯಾರಿಗೆ ಕೊಡಬೇಕು? ಸದಸ್ಯರ ಉಳಿತಾಯ 76,800, ಬ್ಯಾಂಕಿನ ಸಾಲ 90,000, ಸಾಲ ಕೊಡಲು ಅಂತ ಸಂಘಕ್ಕೆ ಬಂದ ಸುತ್ತುನಿಧಿ 15,000, ಮುಳುಗುವ ಸಾಲಕ್ಕೆ ಎತ್ತಿಟ್ಟದ್ದು 3,552, ಲಾಭ 20,448. ಅದೂ 2,05,800. ಸಾಲದ ಮೊತ್ತವನ್ನು ಸಾಮಾನ್ಯ ಲೆಡ್ಜರಿನಿಂದ ನಕಲು ಮಾಡಲಿಲ್ಲ. ಒಬ್ಬೊಬ್ಬರ ಪಾಸ್‌ಬುಕ್ ತರಿಸಿ, ಬಾಕಿ ಓದಿಸಿ, ಕೂಡಿದೆ. ಪಾಸ್‌ಬುಕ್ ಸದಸ್ಯರ ಮನೆಯಲ್ಲಿರುವುದರಿಂದ ಅದನ್ನು ನನ್ನ ಪುಸ್ತಕಕ್ಕೆ ತಕ್ಕ ಹಾಗೆ ತಿದ್ದಲು ಆಗುವುದಿಲ್ಲ. ಅದಕ್ಕೇ ಅದರ ಮಾತಿಗೆ ಬೆಲೆ ಜಾಸ್ತಿ.

ಈಗ ಪಾಲಿನ ಪ್ರಶ್ನೆ. ಸಭೆಯಲ್ಲಿ ಮೊದಲು ಬಂದ ಸಲಹೆ ಸಮನಾಗಿ ಹಂಚೋಣ ಅಂತ. 20,448ನ್ನು 12ರಿಂದ ಭಾಗಿಸಿದರೆ ತಲಾ 1,704. ಒಂದೇ ವರ್ಷದ ಹಿಂದೆ ಸೇರಿ 2,400 ಕಟ್ಟಿದವರಿಗೂ 1,704! ಹಳಬರು ಮುಖ ಮುಖ ನೋಡಿಕೊಂಡರು. ಎರಡನೇ ಸಲಹೆ, ಉಳಿತಾಯ ಎಷ್ಟಿದೆಯೋ ಅದರ ಲೆಕ್ಕದಲ್ಲಿ ಹಂಚೋಣ ಅಂತ. ಆಗ ಹೊಸಬರಿಗೆ 639 ಬರುತ್ತದೆ. ಕೇಳಲು ನ್ಯಾಯವಾಗಿದೆ, ಆದರೂ ಸರಿಯಿಲ್ಲ. ಹಳಬರ ಮೊದಲ 200 ರೂಪಾಯಿ ಮೂರು ವರ್ಷ ಸಾಲವಾಗಿ ಓಡಾಡಿ ಬಡ್ಡಿ ತಂದಿದೆ. ಮೊನ್ನೆ ಕಟ್ಟಿದ 200 ಇನ್ನೂ ಏನೂ ದುಡಿದಿಲ್ಲ. ಎರಡಕ್ಕೂ ಒಂದೇ ಬೆಲೆ ಕಟ್ಟಿದಂತಾಯಿತು.

ಹಾಗಾಗಿ ದುಡ್ಡು ಎಷ್ಟು, ಎಷ್ಟು ತಿಂಗಳು ಸಂಘದಲ್ಲಿತ್ತು, ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಇದಕ್ಕೆ ಸೂತ್ರವೇನೂ ಬೇಡ. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಕೊನೆಗೆ ಇರುವ ಉಳಿತಾಯದ ಮೊತ್ತವನ್ನು ಮೇಲಿಂದ ಕೆಳಗೆ ಕೂಡುತ್ತಾ ಹೋಗಿ. 200, 400, 600 ಹೀಗೆ 7,200ರವರೆಗೆ. ಹಳೆಯ ಸದಸ್ಯರಿಗೆ ಬರುವ ಮೊತ್ತ 1,33,200. ಹೊಸಬರಿಗೆ 200ರಿಂದ 2,400ರವರೆಗೆ ಕೂಡಿದರೆ 15,600. ಮಧ್ಯೆ ಯಾರಾದರೂ ಒಂದು ತಿಂಗಳು ಕಟ್ಟಿಲ್ಲ ಅಂದರೆ ಆ ತಿಂಗಳು ಹಿಂದಿನ ಮೊತ್ತವೇ ಮತ್ತೆ ಬರುತ್ತದೆ. ಉಳಿತಾಯದಲ್ಲಿ ಸ್ವಲ್ಪ ವಾಪಸ್ ಪಡೆದಿದ್ದರೆ ಮೊತ್ತ ಇಳಿಯುತ್ತದೆ. ಎಂಥ ಏರುಪೇರಿದ್ದರೂ ಈ ಕೂಡುವಿಕೆ ತಾನಾಗಿ ಸರಿ ಹೋಗುತ್ತದೆ. ನಾನು ಮೊಬೈಲಿನ ಶೀಟಿನಲ್ಲಿ ಒಬ್ಬೊಬ್ಬರಿಗೆ ಒಂದು ಕಾಲಂ ಇಟ್ಟು, ಕೆಳಗೆ ಇಷ್ಟು ಬರೆದೆ:

```
=SUM(B2:B37)
```

ಹತ್ತು ಹಳಬರದು 13,32,000, ಇಬ್ಬರು ಹೊಸಬರದು 31,200. ಒಟ್ಟು 13,63,200. ಲಾಭ 20,448ನ್ನು ಇದರಿಂದ ಭಾಗಿಸಿದರೆ 0.015. ಅಂದರೆ ಒಂದು ರೂಪಾಯಿ ಒಂದು ತಿಂಗಳು ಸಂಘದಲ್ಲಿ ಇದ್ದದ್ದಕ್ಕೆ ಒಂದೂವರೆ ಪೈಸೆ ದುಡಿದಿದೆ. ಹಳಬರ ಪಾಲು ತಲಾ 1,998, ಹೊಸಬರದು ತಲಾ 234.

ಈ ಒಂದೂವರೆ ಪೈಸೆಯನ್ನು ಕಣ್ಣಿಟ್ಟು ನೋಡಬೇಕು. ನಾವು ಸಾಲ ಕೊಡುವುದು ರೂಪಾಯಿಗೆ ಎರಡು ಪೈಸೆ ಬಡ್ಡಿಗೆ. ಬ್ಯಾಂಕಿನ ದುಡ್ಡಿನಿಂದ ಸ್ವಲ್ಪ ಲಾಭ ಸೇರುತ್ತದೆ, ಖರ್ಚು ಮತ್ತು ಮುಳುಗಿದ್ದು ಕಳೆಯುತ್ತದೆ. ಉತ್ತರ ಎರಡು ಪೈಸೆಯ ಆಚೀಚೆ ಇರಬೇಕು. ತೀರಾ ಜಾಸ್ತಿ ಬಂದರೆ ಸುತ್ತುನಿಧಿ ಲಾಭದ ಜೊತೆ ಸೇರಿಕೊಂಡಿದೆಯೋ ನೋಡಿ. ನಮ್ಮ 15,000 ಸೇರಿಸಿದ್ದರೆ 2.6 ಪೈಸೆ ಬರುತ್ತಿತ್ತು. ಸುತ್ತುನಿಧಿ ಸಂಘಕ್ಕೆ ಬಂದ ದುಡ್ಡು. ಅದರಿಂದ ಬಂದ ಬಡ್ಡಿ ಲಾಭಕ್ಕೆ ಸೇರುತ್ತದೆ, ಆ ನಿಧಿ ಮಾತ್ರ ಯಾರ ಪಾಲಿಗೂ ಹೋಗಬಾರದು.

ಹೊಸ ಸದಸ್ಯರಲ್ಲಿ ಒಬ್ಬರಿಗೆ ಬೇಜಾರಾಯಿತು. "ನಾನೂ ಎಲ್ಲರಷ್ಟೇ ಕಟ್ತಿದೀನಲ್ಲಕ್ಕ, ನಂಗ್ಯಾಕೆ ಇಷ್ಟು ಕಮ್ಮಿ?" ಅಂದರು. ಹಳಬರ ಒಂದು ಪಾಸ್‌ಬುಕ್ಕು, ಅವರದೊಂದು ಪಕ್ಕಪಕ್ಕ ಇಟ್ಟು, ಅವರ ಕೈಯಲ್ಲೇ ಕ್ಯಾಲ್ಕುಲೇಟರ್ ಕೊಟ್ಟು ಕೂಡಿಸಿದೆ. ಆಮೇಲೆ ಮಾತಿಲ್ಲ. ಶೀಟಿನ ಉತ್ತರ ತೋರಿಸಿದ್ದರೆ ನಂಬುತ್ತಿರಲಿಲ್ಲ ಅನಿಸುತ್ತದೆ.

ಅಂದಹಾಗೆ, ಇದು ನೋಂದಣಿಯಿಲ್ಲದ ನಮ್ಮಂಥ ಸಂಘದ ಲೆಕ್ಕ. ಪತ್ತಿನ ಸಹಕಾರ ಸಂಘದಲ್ಲಿ ಹೀಗೆ ಹಂಚುವಂತಿಲ್ಲ. ಅಲ್ಲಿ ಠೇವಣಿಗೆ ಗೊತ್ತಾದ ಬಡ್ಡಿ ಇರುತ್ತದೆ, ಡಿವಿಡೆಂಡ್ ಕೊಡುವುದು ಷೇರಿನ ಮೇಲೆ, ಅದೂ ಕಾಯ್ದೆ ಹೇಳಿದ ಭಾಗವನ್ನು ಮೀಸಲು ನಿಧಿಗೆ ತೆಗೆದಿಟ್ಟ ಮೇಲೆ.

ಕೊನೆಗೆ ಹೊರಟವರ ಲೆಕ್ಕ. ಉಳಿತಾಯ 7,200, ಲಾಭದ ಪಾಲು 1,998, ಒಟ್ಟು 9,198. ಅವರ ಸಾಲದ ಬಾಕಿ 5,000 ಇತ್ತು, ಬಡ್ಡಿ ಆ ತಿಂಗಳಿನವರೆಗೆ ಕಟ್ಟಿದ್ದರು. ಕೈಗೆ ಕೊಡಬೇಕಾದದ್ದು 4,198.

ಇಲ್ಲಿ ನಗದು ಪುಸ್ತಕದಲ್ಲಿ "4,198 ಕೊಟ್ಟಿದೆ" ಅಂತ ಒಂದೇ ಸಾಲು ಬರೆದು ಸುಮ್ಮನಾಗುವವರಿದ್ದಾರೆ. ಹಾಗೆ ಮಾಡಿದರೆ ಅವರ 5,000 ಸಾಲ ಲೆಡ್ಜರಿನಲ್ಲಿ ಹಾಗೇ ನಿಲ್ಲುತ್ತದೆ, ಉಳಿತಾಯದ ಲೆಡ್ಜರೂ ಮುಗಿಯುವುದಿಲ್ಲ. ನಾನು ಜಮಾ ಕಡೆ ಸಾಲದ ಅಸಲು ವಸೂಲಿ 5,000 ಅಂತ ಬರೆದೆ. ಖರ್ಚು ಕಡೆ ಉಳಿತಾಯ ವಾಪಸ್ 7,200, ಲಾಭದ ಪಾಲು 1,998 ಅಂತ ಎರಡು ಸಾಲು ಬರೆದೆ. ವ್ಯತ್ಯಾಸ 4,198, ಬ್ಯಾಂಕಿನಿಂದ ತೆಗೆದು ಕೊಟ್ಟದ್ದೂ ಅಷ್ಟೇ. ಸಾಲದ ಲೆಡ್ಜರು, ಉಳಿತಾಯದ ಲೆಡ್ಜರು ಎರಡರಲ್ಲೂ ಅವರ ಪುಟ ಸೊನ್ನೆಗೆ ಬಂತು. ಪಾಸ್‌ಬುಕ್ಕಿನಲ್ಲಿ ಅವರ ಸಹಿ, ನಡಾವಳಿ ಪುಸ್ತಕದಲ್ಲಿ ನಿರ್ಣಯ ಮತ್ತು ಎಲ್ಲರ ಸಹಿ.

ಉಳಿದ 11 ಜನರ ಲಾಭವನ್ನು ಹಂಚಲಿಲ್ಲ, ಸಂಘದಲ್ಲೇ ಬಿಟ್ಟೆವು. ಒಬ್ಬರಿಗೆ ಕೊಟ್ಟದ್ದರಿಂದ ಅವರಿಗೆ ನಷ್ಟವಾಯಿತೇ ಅಂತ ಒಂದು ಸಲ ನೋಡಿದೆ. ಲಾಭದಲ್ಲಿ 1,998 ಕಳೆದರೆ 18,450. ತಿಂಗಳ ಮೊತ್ತದಲ್ಲಿ 1,33,200 ಕಳೆದರೆ 12,30,000. ಭಾಗಿಸಿದರೆ ಮತ್ತೆ ಅದೇ ಒಂದೂವರೆ ಪೈಸೆ. ಆ ಎರಡು ಅಂಕಿಗಳನ್ನೇ ಮುಂದಿನ ತಿಂಗಳ ಶೀಟಿನ ಮೇಲೆ ಬರೆದುಕೊಂಡೆ. ಇನ್ನೊಬ್ಬರು ಹೊರಟಾಗ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.