35 ರೂಪಾಯಿಯ ಕ್ಯಾನ್: ಲಿಮಿಟ್ ಪ್ರೈಸಿಂಗ್ ಲೆಕ್ಕವನ್ನು ನಾನು ಬಿಡಿಸುವ ರೀತಿ

ಊರಿನಲ್ಲಿ ಒಬ್ಬನೇ ವ್ಯಾಪಾರಿ. ಅತಿ ಹೆಚ್ಚು ಲಾಭ ಕೊಡುವ ಬೆಲೆಗಿಂತ ಕಡಿಮೆ ಬೆಲೆಗೆ ಮಾರುತ್ತಿದ್ದಾನೆ. ಹೀಗೆ ಬೆಲೆ ಇಳಿಸಿ ಹೊಸಬರನ್ನು ತಡೆಯುವುದೇ ಲಿಮಿಟ್ ಪ್ರೈಸಿಂಗ್. ಹೊಸಬರು ಬರದಿರಲಿ ಎಂದು ಹೀಗೆ ಮಾಡುತ್ತಿದ್ದಾನೆ ಎನ್ನುವ ವಿವರಣೆಯನ್ನು ಅರ್ಥಶಾಸ್ತ್ರಜ್ಞ ಜೋ ಬೇನ್ 1949ರಲ್ಲೇ ಕೊಟ್ಟಿದ್ದರು. ಅದಕ್ಕೆ ಬಂದ ಆಕ್ಷೇಪ ಗಟ್ಟಿಯಾದದ್ದು: ಹೊಸಬನಿಗೆ ಬೇಕಾದದ್ದು ತಾನು ಬಂದ ಮೇಲಿನ ಬೆಲೆ. ಇವತ್ತಿನ ಬೆಲೆ ಕಟ್ಟಿಕೊಂಡು ಅವನಿಗೇನಾಗಬೇಕು? ಹಳಬ ನಾಳೆ ಬೆಳಿಗ್ಗೆ ಬೆಲೆ ಬದಲಾಯಿಸಬಹುದು. ಈ ಗಂಟನ್ನು ಬಿಚ್ಚಿದ್ದು 1982ರಲ್ಲಿ ಪಾಲ್ ಮಿಲ್‌ಗ್ರಮ್ ಮತ್ತು ಜಾನ್ ರಾಬರ್ಟ್ಸ್. ಹಳಬನ ಅಸಲು ಹೊಸಬನಿಗೆ ಗೊತ್ತಿಲ್ಲದಿದ್ದರೆ, ಇವತ್ತಿನ ಬೆಲೆ ಆ ಅಸಲಿನ ಸುಳಿವಾಗುತ್ತದೆ ಎಂದರು ಅವರು.

ಈ ಲೆಕ್ಕವನ್ನು ಬಿಡಿಸುವಾಗ ನಾನು ಬೀಜಗಣಿತದ ಅಕ್ಷರಗಳನ್ನು ಬದಿಗಿಟ್ಟು ಒಂದು ಊರು, ಒಂದು ಸರಕು, ನಾಲ್ಕು ಅಂಕಿ ಇಟ್ಟುಕೊಳ್ಳುತ್ತೇನೆ. ಇಲ್ಲಿನ ಅಂಕಿಗಳು ಲೆಕ್ಕಕ್ಕೆಂದು ಆರಿಸಿಕೊಂಡವು. ಸರಕು 20 ಲೀಟರಿನ ನೀರಿನ ಕ್ಯಾನ್. ಬೆಲೆ 60 ರೂಪಾಯಿಯಾದರೆ ಯಾರೂ ಕೊಳ್ಳುವುದಿಲ್ಲ. ಅಲ್ಲಿಂದ ಒಂದೊಂದು ರೂಪಾಯಿ ಇಳಿದಂತೆ ದಿನಕ್ಕೆ 20 ಕ್ಯಾನ್ ಹೆಚ್ಚು ಖರ್ಚಾಗುತ್ತವೆ. ಹಳಬನ ಅಸಲು ಕ್ಯಾನಿಗೆ 24 ಇರಬಹುದು, 30 ಇರಬಹುದು. ಅವನಿಗೆ ಗೊತ್ತು, ಹೊಸಬನಿಗೆ ಗೊತ್ತಿಲ್ಲ. ಹೊಸಬನ ಅಸಲು 30. ಜೊತೆಗೆ ಯಂತ್ರದ ಸಾಲದ ಕಂತು, ಬಾಡಿಗೆ, ಕ್ಯಾನುಗಳ ಬಂಡವಾಳ ಎಲ್ಲ ಸೇರಿ ಅವನಿಗೆ ದಿನಕ್ಕೆ 1,600 ರೂಪಾಯಿ ಬೀಳುತ್ತದೆ. ಆಟ ಎರಡು ಹಂತದ್ದು. ಮೊದಲ ಹಂತದಲ್ಲಿ ಹಳಬ ಒಬ್ಬನೇ ಮಾರುತ್ತಾನೆ, ಹೊಸಬ ಬೆಲೆ ನೋಡುತ್ತಾನೆ. ಎರಡನೇ ಹಂತದಲ್ಲಿ ಹೊಸಬ ಬಂದರೆ ಇಬ್ಬರ ಪೈಪೋಟಿ, ಬಾರದಿದ್ದರೆ ಹಳಬನದೇ ರಾಜ್ಯ. ಎರಡನೇ ಹಂತದ ಒಂದು ರೂಪಾಯಿಗೆ ಇವತ್ತು 80 ಪೈಸೆ ಬೆಲೆ.

ಮೊದಲು ನಾನು ಯಾವಾಗಲೂ ಎರಡನೇ ಹಂತದ ಲೆಕ್ಕ ಮುಗಿಸುತ್ತೇನೆ. ಒಬ್ಬನೇ ಇದ್ದಾಗ ಹೆಚ್ಚು ಲಾಭ ಕೊಡುವ ಬೆಲೆ ಅಸಲು ಮತ್ತು 60ರ ನಡುಬಿಂದು. ಅಸಲು 24 ಇದ್ದವನಿಗೆ ಅದು 42, ದಿನದ ಲಾಭ 6,480. ಅಸಲು 30 ಇದ್ದವನಿಗೆ 45, ಲಾಭ 4,500. ಹೊಸಬ ಬಂದರೆ, ದಿನಕ್ಕೆ ಎಷ್ಟು ಕ್ಯಾನ್ ತುಂಬಬೇಕೆಂದು ಇಬ್ಬರೂ ಒಟ್ಟಿಗೆ ನಿರ್ಧರಿಸುವ ಕೂರ್ನೋ ಪೈಪೋಟಿಯನ್ನು ಹಿಡಿಯುತ್ತೇನೆ. ಆಗ ಹಳಬನ ಲಾಭ 24ರವನಾದರೆ 3,920ಕ್ಕೆ, 30ರವನಾದರೆ 2,000ಕ್ಕೆ ಇಳಿಯುತ್ತದೆ. ಹೊಸಬನಿಗೆ 24ರವನ ಎದುರು 1,280, 30ರವನ ಎದುರು 2,000 ಸಿಗುತ್ತದೆ. 1,600 ಕಳೆದರೆ ಮೊದಲನೆಯದರಲ್ಲಿ ದಿನಕ್ಕೆ 320 ನಷ್ಟ, ಎರಡನೆಯದರಲ್ಲಿ 400 ಲಾಭ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ 1,600 ಎಂಬ ಅಂಕಿ 1,280ಕ್ಕೂ 2,000ಕ್ಕೂ ನಡುವೆ ಇರುವುದರಿಂದಲೇ ಮುಂದಿನ ಕಥೆಯೆಲ್ಲ. ಅದು 1,000 ಆಗಿದ್ದರೆ ಹೊಸಬ ಯಾರೇ ಎದುರಿದ್ದರೂ ಬರುತ್ತಾನೆ. 2,200 ಆಗಿದ್ದರೆ ಯಾರಿದ್ದರೂ ಬರುವುದಿಲ್ಲ. ಎರಡೂ ಸಂದರ್ಭದಲ್ಲಿ ಹಳಬ ಬೆಲೆ ಇಳಿಸಿದರೆ ದುಡ್ಡು ಕಳೆದುಕೊಂಡಂತೆ, ಅಷ್ಟೇ. ಇದನ್ನು ನೋಡದೆ ನೇರವಾಗಿ ಬೆಲೆಯ ಲೆಕ್ಕಕ್ಕೆ ಇಳಿಯುವುದು ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪು.

ಈಗ ಬೆಲೆ. 24ರವನು ತನ್ನ ಸಹಜ ಬೆಲೆ 42ನ್ನೇ ಇಟ್ಟರೆ ಸಾಕಲ್ಲವೇ ಎಂದು ಅನ್ನಿಸುತ್ತದೆ. 45 ಅಲ್ಲವಲ್ಲ, ಹೊಸಬನಿಗೆ ಅರ್ಥವಾದೀತು. ಸಾಲದು. 30ರವನು 45 ಬಿಟ್ಟು 42ಕ್ಕೆ ಮಾರಿದರೆ ಅವನಿಗೆ ಆಗುವ ನಷ್ಟ ದಿನಕ್ಕೆ ಬರೀ 180. ಹೊಸಬನನ್ನು ತಡೆದರೆ ಉಳಿಯುವುದು 4,500 ಕಳೆ 2,000, ಅಂದರೆ 2,500. 80 ಪೈಸೆ ಲೆಕ್ಕದಲ್ಲಿ ಇವತ್ತಿನ 2,000. 180 ಕೊಟ್ಟು 2,000 ಪಡೆಯುವ ವ್ಯವಹಾರವನ್ನು ಯಾರು ಬಿಡುತ್ತಾರೆ? ಹಾಗಾಗಿ 42 ಎಂಬ ಬೆಲೆ ಏನನ್ನೂ ಹೇಳುವುದಿಲ್ಲ.

ನಕಲು ಮಾಡುವುದು 30ರವನಿಗೆ ದಕ್ಕದಷ್ಟು ಕೆಳಗೆ ಬೆಲೆ ಹೋಗಬೇಕು. ಈ ಬೇಡಿಕೆಯಲ್ಲಿ ಸಹಜ ಬೆಲೆಯಿಂದ ಎಷ್ಟು ರೂಪಾಯಿ ಸರಿದರೂ ನಷ್ಟವು ಆ ಅಂತರದ ವರ್ಗದ 20 ಪಟ್ಟು. 30ರವನ ನಷ್ಟ 2,000 ಮುಟ್ಟಬೇಕಾದರೆ ಅಂತರ 10 ರೂಪಾಯಿ, ಬೆಲೆ 35. ಇನ್ನೊಂದು ಕಡೆ, 24ರವನಿಗೂ ಇದು ತಾಳುವಂತಿರಬೇಕು. ಅವನಿಗೆ ತಡೆಯುವುದರಿಂದ ಉಳಿಯುವುದು 6,480 ಕಳೆ 3,920, ಅಂದರೆ 2,560ರ ಶೇಕಡಾ 80 ಪಾಲು, 2,048. ಅದನ್ನು ಮೀರದೆ ಅವನು 31.88 ರೂಪಾಯಿಯವರೆಗೆ ಇಳಿಯಬಹುದು. ಸ್ಪ್ರೆಡ್‌ಶೀಟಿನಲ್ಲಿ ಎರಡು ಕೋಶ ಸಾಕು:

```
=45-SQRT(0.8*2500/20)
=42-SQRT(0.8*2560/20)
```

ಮೊದಲನೆಯದು 35, ಎರಡನೆಯದು 31.88. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ ಮಾತ್ರ ಸುಳಿವು ಕೊಡಲು ಜಾಗವಿದೆ. ಈ ಎರಡರ ನಡುವೆ ಯಾವ ಬೆಲೆಯಾದರೂ ನಡೆಯುತ್ತದೆ ಎಂದು ಬರೆದು ನಿಲ್ಲಿಸುವವರಿದ್ದಾರೆ, ನಾನು ನಿಲ್ಲಿಸುವುದಿಲ್ಲ. 35ಕ್ಕಿಂತ ಕೆಳಗಿನ ಯಾವ ಬೆಲೆಯೂ 30ರವನಿಗೆ ಯಾವತ್ತೂ ಲಾಭವಲ್ಲ ಎಂದು ಹೊಸಬನಿಗೆ ಗೊತ್ತಿದ್ದ ಮೇಲೆ, 34.90 ಕಂಡರೂ ಅವನು ಎದುರಿರುವುದು 24ರವನೇ ಎಂದು ನಂಬಬೇಕು. ಹಾಗಿದ್ದಾಗ 33ಕ್ಕೆ ಇಳಿಯುವುದು ಸುಮ್ಮನೆ ಖರ್ಚು. ಉಳಿಯುವ ಬೆಲೆ 35. 24ರವನು ದಿನಕ್ಕೆ 500 ಕ್ಯಾನ್ ಮಾರಿ 5,500 ಗಳಿಸುತ್ತಾನೆ, 980 ಬಿಟ್ಟುಕೊಟ್ಟು 2,048 ಉಳಿಸಿಕೊಳ್ಳುತ್ತಾನೆ. 30ರವನು ಸುಮ್ಮನೆ 45ಕ್ಕೆ ಮಾರಿ ಹೊಸಬನನ್ನು ಬರಮಾಡಿಕೊಳ್ಳುತ್ತಾನೆ.

ಇದು ಕೆಲಸ ಮಾಡುವುದಕ್ಕೆ ಕಾರಣವನ್ನು ಹತ್ತಿರದಿಂದ ನೋಡಬೇಕೆಂದರೆ ಇಬ್ಬರನ್ನೂ 40 ರೂಪಾಯಿಯಲ್ಲಿ ನಿಲ್ಲಿಸಿ, 35ಕ್ಕೆ ಇಳಿಸಿ ನೋಡಿ. ಇಬ್ಬರೂ 100 ಕ್ಯಾನ್ ಹೆಚ್ಚು ಮಾರುತ್ತಾರೆ. ಆ ನೂರು ಕ್ಯಾನುಗಳಿಂದ 24ರವನಿಗೆ ತಲಾ 11 ರೂಪಾಯಿ ಸಿಗುತ್ತದೆ, 30ರವನಿಗೆ ತಲಾ 5. ಮೊದಲಿನ 400 ಕ್ಯಾನುಗಳ ಮೇಲೆ ಇಬ್ಬರೂ ತಲಾ 5 ರೂಪಾಯಿ ಬಿಡುತ್ತಾರೆ, ಅದು 2,000. ಕೂಡಿ ಕಳೆದರೆ ಒಬ್ಬನಿಗೆ 900 ನಷ್ಟ, ಇನ್ನೊಬ್ಬನಿಗೆ 1,500. ಅಗ್ಗದ ಬೆಲೆ ಕಡಿಮೆ ಅಸಲಿನವನಿಗೆ ಕಡಿಮೆ ನೋವು ಕೊಡುತ್ತದೆ. ಸುಳಿವಿಗೆ ಬಲ ಬರುವುದು ಈ 600 ರೂಪಾಯಿಯ ವ್ಯತ್ಯಾಸದಿಂದ.

ಮತ್ತೂ ಒಂದು ವಿಷಯ ಇಲ್ಲಿ ನನಗೆ ಮುಖ್ಯ. ಹೊಸಬ ಮೋಸ ಹೋಗಿಲ್ಲ. ಅಸಲು ಮೊದಲೇ ಗೊತ್ತಿದ್ದಿದ್ದರೂ ಅವನು 24ರವನ ಎದುರು ಬರುತ್ತಿರಲಿಲ್ಲ, 30ರವನ ಎದುರು ಬರುತ್ತಿದ್ದ. ಬದಲಾದದ್ದು ಮೊದಲ ಹಂತದ ಬೆಲೆ ಮಾತ್ರ: 42ರ ಬದಲು 35, ಲಾಭ ಗಿರಾಕಿಗೆ. ಕಡಿಮೆ ಬೆಲೆ ಎಂದ ಕೂಡಲೇ ಪೈಪೋಟಿ ಕೊಲ್ಲುವ ದರ ಎಂದು ಕೂಗುವವರು ಇದನ್ನು ಗಮನಿಸಬೇಕು. 35 ರೂಪಾಯಿ ಇಬ್ಬರ ಅಸಲಿಗೂ ಮೇಲೆಯೇ ಇದೆ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಂ ಹೇಳುವ ದರೋಡೆಕೋರ ಬೆಲೆಗೆ ಮೊದಲ ಗುರುತು ಅಸಲಿಗಿಂತ ಕಡಿಮೆಗೆ ಮಾರುವುದು, ಇದು ಅದಲ್ಲ.

ಆದರೆ ಇನ್ನೊಂದು ಫಲಿತಾಂಶವೂ ಉಂಟು, ಅದು ಇಷ್ಟು ಒಳ್ಳೆಯದಲ್ಲ. ಎದುರಿರುವುದು 30ರವನು ಎಂಬ ಸಂಭವ ಎಷ್ಟು ಎಂದು ಹೊಸಬ ಮೊದಲೇ ಅಂದಾಜಿಸಿರುತ್ತಾನೆ. 400 ಲಾಭ, 320 ನಷ್ಟ ಎಂಬುದನ್ನು ತೂಗಿದರೆ, ಆ ಸಂಭವ 9ರಲ್ಲಿ 4ಕ್ಕಿಂತ ಕಡಿಮೆ ಇದ್ದಾಗ ಏನೂ ಹೊಸದು ತಿಳಿಯದ ಹೊಸಬ ಹೊರಗೇ ಉಳಿಯುತ್ತಾನೆ. ಆಗ 24ರವನಿಗೆ ಕಷ್ಟಪಟ್ಟು 35ಕ್ಕೆ ಇಳಿಯುವ ಅಗತ್ಯವಿಲ್ಲ. ಅವನು 42ರಲ್ಲಿ ನಿಲ್ಲುತ್ತಾನೆ, 30ರವನು 180 ರೂಪಾಯಿ ಬಿಟ್ಟು ಅವನ ಮರೆಯಲ್ಲಿ ನಿಲ್ಲುತ್ತಾನೆ. ಬರಬೇಕಾಗಿದ್ದ ಪೈಪೋಟಿ ಬಾರದೇ ಹೋಗುವುದು ಇಲ್ಲಿ. ಹಾಗಾಗಿ ಬೆಲೆ ತುಂಬಾ ಇಳಿದಿರುವ ಊರಿಗಿಂತ ಬೆಲೆ ಸ್ವಲ್ಪವೇ ಇಳಿದಿರುವ ಊರಿನ ಬಗ್ಗೆ ನನಗೆ ಹೆಚ್ಚು ಅನುಮಾನ.

ನಿಜವಾದ ಮಾರುಕಟ್ಟೆಯಲ್ಲಿ ಇದನ್ನು ಗುರುತಿಸುವುದು ಹೇಗೆ? ಅಮೆರಿಕದ ವಿಮಾನ ಮಾರ್ಗಗಳು ಇದಕ್ಕೆ ಒಳ್ಳೆಯ ಪ್ರಯೋಗಶಾಲೆ. ಸೌತ್‌ವೆಸ್ಟ್ ಕಂಪನಿ ಎರಡೂ ಊರುಗಳ ನಿಲ್ದಾಣದಲ್ಲಿ ಕಾಲೂರಿ, ಆ ಎರಡರ ನಡುವೆ ಮಾತ್ರ ಇನ್ನೂ ಹಾರದಿರುವ ಸ್ಥಿತಿ ಬರುತ್ತದೆ. ಅದು ಬರುವ ಸಂಭವ ಆಗ ಎಲ್ಲರಿಗೂ ಕಾಣುತ್ತದೆ. ಗೂಲ್ಸ್‌ಬಿ ಮತ್ತು ಸೈವರ್ಸನ್ 2008ರಲ್ಲಿ ತೋರಿಸಿದಂತೆ, ಹಳೆಯ ಕಂಪನಿಗಳು ಆ ಹಂತದಲ್ಲೇ ದರ ಇಳಿಸಿದ್ದವು. ಒಟ್ಟು ಇಳಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಸೌತ್‌ವೆಸ್ಟ್ ಹಾರುವ ಮೊದಲೇ ಆಗಿತ್ತು. ಆದರೆ ದರ ಇಳಿದಿದೆ ಎಂದಷ್ಟಕ್ಕೇ ಅದು ಸುಳಿವು ಎನ್ನಲಾಗದು. ಗಿರಾಕಿಗಳನ್ನು ಮೊದಲೇ ಕಟ್ಟಿಹಾಕಿಕೊಳ್ಳಲೂ ದರ ಇಳಿಸಬಹುದು. ನಾನು ನೋಡುವ ಗುರುತು ಮೇಲಿನ 1,600ರ ಲೆಕ್ಕದಿಂದಲೇ ಬರುತ್ತದೆ: ಹೊಸಬ ಬಂದೇ ಬರುವ ದೊಡ್ಡ ಮಾರ್ಗಗಳಲ್ಲೂ, ಬರಲಾರದ ಪುಟ್ಟ ಮಾರ್ಗಗಳಲ್ಲೂ ಇಳಿಕೆ ಕಡಿಮೆ ಇದ್ದು, ನಡುವಿನ ಗಾತ್ರದ ಮಾರ್ಗಗಳಲ್ಲಿ ಹೆಚ್ಚಿರಬೇಕು. ಸ್ವೀಟಿಂಗ್, ಜೇಮ್ಸ್ ರಾಬರ್ಟ್ಸ್ ಮತ್ತು ಗೆಜ್ 2020ರಲ್ಲಿ ಇದೇ ಬಗೆಯ ಪರೀಕ್ಷೆ ಮಾಡಿ, ಆ ನಡುವಿನ ಮಾರ್ಗಗಳಲ್ಲೇ ಇಳಿಕೆ ಎದ್ದು ಕಾಣುವುದನ್ನು ತೋರಿಸಿದರು.

ಕ್ಯಾನಿನ ಉದಾಹರಣೆಯನ್ನು ನಮ್ಮ ಊರಿಗೆ ಹಾಗೇ ಅಂಟಿಸುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಹೊಸಬನಿಗೆ ತನ್ನ ಅಸಲು ಗೊತ್ತಿದೆಯೇ? ಮೇಲಿನ ಲೆಕ್ಕದಲ್ಲಿ ಅವನ ಅಸಲು 30 ಎಂದು ಖಚಿತವಾಗಿತ್ತು. ನೀರಿನ ವ್ಯಾಪಾರದಲ್ಲಿ ಹಾಗಿರುವುದಿಲ್ಲ. ಬೋರ್‌ವೆಲ್ ಎಷ್ಟು ಅಡಿಗೆ ಹೋಗಬೇಕು, ನೀರಿನಲ್ಲಿ ಉಪ್ಪಿನಂಶ ಎಷ್ಟು, ಫಿಲ್ಟರಿನ ಮೆಂಬ್ರೇನ್ ಎಷ್ಟು ತಿಂಗಳಿಗೆ ಬದಲಾಯಿಸಬೇಕು, ಇವೆಲ್ಲ ಒಂದೇ ನೆಲದಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಹಳಬ 35ಕ್ಕೆ ಮಾರಿದರೆ ಹೊಸಬ “ಇವನನ್ನು ಸೋಲಿಸಲಾಗದು” ಎನ್ನುವ ಬದಲು “ಈ ಊರಲ್ಲಿ ನೀರು ಅಗ್ಗವಾಗಿ ಸಿಗುತ್ತದೆ, ನನಗೂ ಸಿಕ್ಕೀತು” ಎನ್ನಬಹುದು. ಹೀಗೆ ಇಬ್ಬರ ಅಸಲೂ ಒಟ್ಟಿಗೆ ಏರಿಳಿಯುವ ಸಂದರ್ಭವನ್ನು ಹ್ಯಾರಿಂಗ್ಟನ್ 1986ರಲ್ಲಿ ಬಿಡಿಸಿದರು. ಅಲ್ಲಿ ದಿಕ್ಕೇ ತಿರುಗಬಹುದು: ಹೊಸಬನನ್ನು ದೂರವಿಡಲು ಹಳಬ ತನ್ನ ಅಸಲು ಹೆಚ್ಚೆಂದು ತೋರಿಸಬೇಕಾಗುತ್ತದೆ, ಬೆಲೆಯನ್ನು ಸಹಜ ಬೆಲೆಗಿಂತ ಮೇಲೆ ಇಡಬೇಕಾಗುತ್ತದೆ. ಅಂಥ ಊರಿನಲ್ಲಿ ಮೇಲಿನ ಎರಡು ಕೋಶಗಳ ಸೂತ್ರ ಕೊಡುವ 35 ತಪ್ಪು ಉತ್ತರ. ಹೊಸಬನ ಲಾಭದ ಎರಡು ಅಂಕಿಗಳನ್ನು ಅವನದೇ ಅಸಲು ಬದಲಾಗುವಂತೆ ಹಾಕಿ, ಮೊದಲಿನಿಂದ ಲೆಕ್ಕ ಮಾಡಬೇಕು.