ಸ್ಥಿರ ಹರಿವಿನಲ್ಲೂ ಕಣಕ್ಕೆ ವೇಗೋತ್ಕರ್ಷ: ನಾನು ಲೆಕ್ಕ ಹಾಕಿ ತಾಳೆ ನೋಡುವ ಬಗೆ

ವೇಗಕ್ಷೇತ್ರದ ಸೂತ್ರದಲ್ಲಿ ಕಾಲ t ಎಲ್ಲೂ ಕಾಣಿಸದಿದ್ದರೆ ಅದು ಸ್ಥಿರ ಹರಿವು. ಅಂಥ ಹರಿವಿನಲ್ಲಿ ವೇಗೋತ್ಕರ್ಷ ಸೊನ್ನೆ ಎಂದು ಬರೆದುಬಿಡುವವರನ್ನು ತುಂಬಾ ನೋಡಿದ್ದೇನೆ. ಒಂದೇ ಜಾಗದಲ್ಲಿ ನಿಂತು ಅಳೆಯುವವನಿಗೆ ವೇಗ ಬದಲಾಗುವುದಿಲ್ಲ, ನಿಜ. ಆದರೆ ಕಣ ಅಲ್ಲೇ ನಿಲ್ಲುವುದಿಲ್ಲವಲ್ಲ! ಅದು ಮುಂದಿನ ಬಿಂದುವಿಗೆ ಹೋಗುತ್ತದೆ, ಅಲ್ಲಿನ ವೇಗ ಬೇರೆ. ಕಣದ ಜೊತೆಗೇ ಸಾಗುತ್ತ ಈ ಬದಲಾವಣೆಯ ದರವನ್ನು ಹಿಡಿಯುವುದೇ ಮಟೀರಿಯಲ್ ಡಿರೈವೇಟಿವ್‌ನ ಕೆಲಸ.

x ದಿಕ್ಕಿನ ವೇಗ u, y ದಿಕ್ಕಿನ ವೇಗ v ಎಂದಿಟ್ಟುಕೊಂಡು, ಲೆಕ್ಕ ಶುರು ಮಾಡುವಾಗ ನಾನು ವೇಗೋತ್ಕರ್ಷದ ಎರಡು ಘಟಕಗಳನ್ನೂ ಪೂರ್ತಿ ಬಿಡಿಸಿ ಬರೆದುಕೊಳ್ಳುತ್ತೇನೆ:

aₓ = u ∂u/∂x + v ∂u/∂y
aᵧ = u ∂v/∂x + v ∂v/∂y

ಕಾಲದ ಪದ ∂/∂t ಇಲ್ಲಿ ಸೊನ್ನೆ, ಉಳಿದ ನಾಲ್ಕು ಪದಗಳು ಹಾಗೇ ಇರಬೇಕು. ಒಂದು ಉದಾಹರಣೆ ತೆಗೆದುಕೊಳ್ಳೋಣ: u = x² − y², v = −2xy. ಉದ್ದ ಮೀಟರ್‌ನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ. ನಮಗೆ ಬೇಕಾದ ಬಿಂದು (2, 1). ಮೊದಲು ನೋಡುವುದು ∂u/∂x + ∂v/∂y = 2x − 2x = 0 ಆಗುತ್ತದೆಯೇ ಎಂದು. ಆಗುತ್ತದೆ, ಅಂದರೆ ಸಾಂದ್ರತೆ ಬದಲಾಗದ ದ್ರವಕ್ಕೆ ಈ ಹರಿವು ಸಾಧ್ಯ.

ಆ ಬಿಂದುವಿನಲ್ಲಿ u = 3, v = −4, ಒಟ್ಟು ವೇಗ V = 5. ಆಂಶಿಕ ನಿಷ್ಪನ್ನಗಳು ಅನುಕ್ರಮವಾಗಿ ∂u/∂x = 4, ∂u/∂y = −2, ∂v/∂x = −2, ∂v/∂y = −4. ಹಾಗಾಗಿ

aₓ = 3·4 + (−4)(−2) = 20
aᵧ = 3·(−2) + (−4)(−4) = 10

ಎರಡೂ m/s². ಅಡ್ಡ ಪದಗಳಾದ v ∂u/∂y ಮತ್ತು u ∂v/∂x ಬಿಟ್ಟುಹೋದರೆ 12 ಮತ್ತು 16 ಬರುತ್ತದೆ. ನೋಡಲು ಸರಿಯೆಂದೇ ತೋರುವ ಉತ್ತರ, ಆದರೆ ದಿಕ್ಕೂ ತಪ್ಪು, ಪರಿಮಾಣವೂ ತಪ್ಪು. ಬರೀ ಅಂಕಿ ನೋಡಿ ಈ ತಪ್ಪು ಗೊತ್ತಾಗುವುದಿಲ್ಲ. ಅದಕ್ಕೇ ನಾನು ಕಣವನ್ನು ಸ್ವಲ್ಪ ಓಡಿಸಿ ನೋಡುತ್ತೇನೆ.

0.01 ಸೆಕೆಂಡಿನಲ್ಲಿ ಕಣ ಸುಮಾರಾಗಿ x ದಿಕ್ಕಿನಲ್ಲಿ 0.03, y ದಿಕ್ಕಿನಲ್ಲಿ −0.04 ಸರಿದು (2.03, 0.96)ಕ್ಕೆ ಬರುತ್ತದೆ. ಅಲ್ಲಿ u = 4.1209 − 0.9216 = 3.1993, v = −3.8976. ವೇಗದ ವ್ಯತ್ಯಾಸಗಳನ್ನು 0.01ರಿಂದ ಭಾಗಿಸಿದರೆ 19.93 ಮತ್ತು 10.24. ಹೆಜ್ಜೆಯನ್ನು 0.001 ಸೆಕೆಂಡಿಗೆ ಇಳಿಸಿದರೆ 19.993 ಮತ್ತು 10.024. 20, 10ರ ಕಡೆಗೇ ಸರಿಯುತ್ತಿವೆ. 12, 16ರ ಹತ್ತಿರವೂ ಸುಳಿಯುವುದಿಲ್ಲ. ಯಾವ ವೇಗಕ್ಷೇತ್ರ ಕೊಟ್ಟರೂ ಈ ಪರೀಕ್ಷೆ ನಡೆಯುತ್ತದೆ, ಕ್ಯಾಲ್ಕುಲೇಟರ್ ಸಾಕು. ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ನಂಬಿಕೆ.

ಇನ್ನೊಂದು ತಾಳೆಯೂ ಇದೆ, ಆದರೆ ಅದಕ್ಕೆ ಷರತ್ತುಂಟು. ∂v/∂x − ∂u/∂y ಸೊನ್ನೆಯಾದರೆ ಮಾತ್ರ ವೇಗೋತ್ಕರ್ಷವು V²/2ರ ಗ್ರೇಡಿಯಂಟ್‌ಗೆ ಸಮ. ಇಲ್ಲಿ −2y + 2y = 0, ಷರತ್ತು ಪೂರೈಸಿತು. V² = (x² + y²)², ಆದ್ದರಿಂದ aₓ = 2x(x² + y²), aᵧ = 2y(x² + y²). (2, 1) ಹಾಕಿದರೆ ಮತ್ತೆ 20, 10. ಕಣ ತನ್ನ ಸುತ್ತಲೇ ತಿರುಗುತ್ತ ಸಾಗುವ ಹರಿವಿನಲ್ಲಿ ಈ ದಾರಿ ಹಿಡಿದರೆ ಉತ್ತರ ಕೆಡುತ್ತದೆ.

ಇಷ್ಟಕ್ಕೇ ಪೆನ್ನು ಕೆಳಗಿಡುವುದು ನನಗೆ ಒಪ್ಪಿಗೆಯಿಲ್ಲ. ಈ ವೇಗೋತ್ಕರ್ಷ ಕಣಕ್ಕೆ ಏನು ಮಾಡುತ್ತಿದೆ ಎಂಬುದೇ ನಿಜವಾದ ಪ್ರಶ್ನೆ. ಅದನ್ನು ವೇಗದ ದಿಕ್ಕಿಗೆ ಬಿಡಿಸಿ: (20·3 + 10·(−4))/5 = 4. ಅಡ್ಡ ದಿಕ್ಕಿಗೆ: (3·10 + 4·20)/5 = 22. ಅಂದರೆ ಕಣದ ಓಟ ಜೋರಾಗುತ್ತಿರುವುದು ಸೆಕೆಂಡಿಗೆ 4 m/s ದರದಲ್ಲಷ್ಟೇ. ಉಳಿದ ದೊಡ್ಡ ಪಾಲು ಅದರ ದಾರಿಯನ್ನು ಬಾಗಿಸುವುದಕ್ಕೆ ಹೋಗುತ್ತಿದೆ. ಬಾಗಿನ ತ್ರಿಜ್ಯ V²/22 = 25/22, ಸುಮಾರು 1.14 ಮೀಟರ್. ಹರಿವಿನ ಗೆರೆಗಳನ್ನು ಬರೆದು ನೋಡಿದರೆ ಆ ಜಾಗದಲ್ಲಿ ಅಷ್ಟೇ ಬಾಗು ಕಾಣಬೇಕು. ವೇಗ ಹೆಚ್ಚಾದರೆ ಮಾತ್ರ ವೇಗೋತ್ಕರ್ಷ ಎಂದುಕೊಂಡವರು ಈ 22ನ್ನು ಪೂರ್ತಿ ಕಳೆದುಕೊಳ್ಳುತ್ತಾರೆ.

ಈ ವೇಗೋತ್ಕರ್ಷಕ್ಕೆ ಬೇಕಾದ ಬಲ ಬರುವುದು ಒತ್ತಡದಿಂದ. ಹರಿವು ಅಡ್ಡಮಟ್ಟದ ಸಮತಲದಲ್ಲಿದ್ದು ದ್ರವ ನೀರಾದರೆ, ಅಂದರೆ ಘನ ಮೀಟರಿಗೆ 1000 ಕೆಜಿ ಆದರೆ, ಒತ್ತಡವು x ದಿಕ್ಕಿನಲ್ಲಿ ಮೀಟರಿಗೆ 20,000 ಪಾಸ್ಕಲ್, y ದಿಕ್ಕಿನಲ್ಲಿ 10,000 ಪಾಸ್ಕಲ್ ದರದಲ್ಲಿ ಇಳಿಯುತ್ತಿರುತ್ತದೆ. ಸ್ನಿಗ್ಧತೆಯ ಪದವನ್ನು ಸೇರಿಸಿದರೂ ಈ ಅಂಕಿ ಬದಲಾಗದು, ಏಕೆಂದರೆ ಈ ಕ್ಷೇತ್ರದಲ್ಲಿ u ಮತ್ತು v ಎರಡರ ಲಾಪ್ಲಾಸಿಯನ್ ಕೂಡ ಸೊನ್ನೆ. ಒತ್ತಡ ಅತಿ ಹೆಚ್ಚಿರುವುದು ವೇಗ ಸೊನ್ನೆಯಾದ ಮೂಲಬಿಂದುವಿನಲ್ಲಿ. ಅಲ್ಲಿಗೂ ನಮ್ಮ ಬಿಂದುವಿಗೂ ಇರುವ ಒತ್ತಡದ ಅಂತರ ½·1000·25, ಅಂದರೆ 12.5 ಕಿಲೋಪಾಸ್ಕಲ್.