ಪೀಸ್ ಲೆಕ್ಕವೋ, ಕೈಕೆಲಸವೋ: ನಮ್ಮ ವರ್ಕ್‌ಶಾಪಿನ ಅಪ್ರೈಸಲ್

ಪೀಣ್ಯದಲ್ಲಿ ನಮ್ಮದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್. ಆಪರೇಟರ್‌ಗಳು, ಆಫೀಸಿನವರು ಎಲ್ಲ ಸೇರಿ ಇಪ್ಪತ್ತು ಚಿಲ್ಲರೆ ಜನ. ಇನ್‌ಕ್ರಿಮೆಂಟ್ ಏಪ್ರಿಲ್‌ನಲ್ಲಿ. ಮೊದಲು ಟಾರ್ಗೆಟ್ ನೋಡಿಯೇ ಕೊಡುತ್ತಿದ್ದೆವು: ಶಿಫ್ಟಿಗೆ ಇಷ್ಟು ಪೀಸ್, ರಿಜೆಕ್ಷನ್ ಇಷ್ಟರೊಳಗೆ. ಲೆಕ್ಕ ಸುಲಭ, ಅಲ್ವಾ?

ಆರ್ಡರ್ ಬದಲಾದಾಗ ಅದು ಕೈಕೊಟ್ಟಿತು. ಒಬ್ಬ ಹುಡುಗನಿಗೆ ಪಂಪಿನ ಫ್ಲ್ಯಾಂಜ್‌ನಲ್ಲಿ ಶಿಫ್ಟಿಗೆ 120 ಪೀಸ್ ಟಾರ್ಗೆಟ್ ಇತ್ತು. ವರ್ಷದ ನಡುವೆ ಆ ಆರ್ಡರ್ ನಿಂತಿತು. ಅವನನ್ನು 50 ಪೀಸಿನ ಬ್ಯಾಚ್‌ಗಳಿಗೆ ಹಾಕಿದೆವು. ಪೀಸ್ ಹಿಡಿಯುವ ಜಾ ಬದಲಿಸಿ, ಟೂಲ್ ಕಟ್ಟಿ, ಅಳತೆ ಹೊಂದಿಸುವ ಆಫ್‌ಸೆಟ್ ಹಾಕಿ, ಫಸ್ಟ್ ಪೀಸ್ ಪಾಸ್ ಮಾಡಿಸುವಷ್ಟರಲ್ಲಿ ಎರಡು ಗಂಟೆ ಹೋಗುತ್ತದೆ. ಜಾಸ್ತಿ ಕಷ್ಟದ ಕೆಲಸ ಮಾಡಿದವನ ಲೆಕ್ಕವೇ ಕಡಿಮೆ ಬಂತು. ಇನ್ನೊಬ್ಬ ಅದನ್ನು ನೋಡಿ, "ಸರ್, ಸಣ್ಣ ಬ್ಯಾಚ್ ಬೇರೆಯವ್ರಿಗೆ ಕೊಡಿ" ಅನ್ನತೊಡಗಿದ. ಸಣ್ಣ ಜಾಬ್‌ಗಳು ಮಷಿನ್ ಪಕ್ಕದಲ್ಲೇ ಕೊಳೆಯುತ್ತಿದ್ದರೆ ಟಾರ್ಗೆಟ್ ದಾರಿ ತಪ್ಪಿಸಿದೆ ಅಂತ ತಿಳಿಯಬೇಕು.

ಆಮೇಲೆ ಸಾಮರ್ಥ್ಯ ನೋಡುವ ಪದ್ಧತಿಗೆ ಬಂದೆವು. ದೊಡ್ಡ ಕಂಪನಿಗಳ ಫಾರ್ಮ್ ತಂದರೆ ಅದರಲ್ಲಿ ನಾಯಕತ್ವ, ಉತ್ಸಾಹ ಅಂತೆಲ್ಲ ಇರುತ್ತೆ. ಸೂಪರ್‌ವೈಸರ್ ಯಾರಿಗೂ ಬೇಜಾರಾಗದಿರಲಿ ಅಂತ ಎಲ್ಲರಿಗೂ ಐದಕ್ಕೆ ಮೂರು ಹಾಕುತ್ತಾರೆ. ಅದಕ್ಕೇ ನಾವು ಗೋಡೆ ಮೇಲೆ ಒಂದು ಸ್ಕಿಲ್ ಮ್ಯಾಟ್ರಿಕ್ಸ್ ಅಂಟಿಸಿದೆವು. ಒಂದು ಕಡೆ ಹೆಸರು, ಇನ್ನೊಂದು ಕಡೆ ಮಷಿನ್, ನಡುವೆ ಆ ಮಷಿನ್‌ನಲ್ಲಿ ಅವರು ಒಂದರಿಂದ ನಾಲ್ಕರಲ್ಲಿ ಯಾವ ಹಂತ ಅಂತ. ಮೊದಲ ಹಂತದವರು ಪೀಸ್ ಹಾಕಿ ತೆಗೆಯುತ್ತಾರೆ. ಎರಡನೆಯವರು ಅಳತೆ ತಪ್ಪಿದರೆ ಆಫ್‌ಸೆಟ್ ತಾವೇ ಸರಿಮಾಡುತ್ತಾರೆ. ಮೂರನೆಯವರು ಡ್ರಾಯಿಂಗ್ ನೋಡಿ ಪೂರ್ತಿ ಸೆಟ್ಟಿಂಗ್ ಮಾಡುತ್ತಾರೆ. ನಾಲ್ಕನೆಯವರು ಪ್ರೋಗ್ರಾಂ ತಿದ್ದಿ, ಬೇರೆಯವರಿಗೂ ಕಲಿಸುತ್ತಾರೆ.

ಹಂತ ಏರಿದರು ಅಂತ ಸುಮ್ನೆ ಬಾಯಿಮಾತಲ್ಲಿ ಒಪ್ಪುವುದಿಲ್ಲ. ಆ ಫ್ಲ್ಯಾಂಜ್ ಹುಡುಗನಿಗೆ ಅವನು ಎಂದೂ ಮಾಡದ ಬುಷ್‌ನ ಡ್ರಾಯಿಂಗ್ ಕೊಟ್ಟೆವು. ಸೂಪರ್‌ವೈಸರ್ ಹತ್ತಿರ ನಿಲ್ಲಲಿಲ್ಲ. ಫಸ್ಟ್ ಪೀಸನ್ನು ಇನ್‌ಸ್ಪೆಕ್ಟರ್ ಅಳೆದರು, ಪಾಸ್ ಆಯಿತು. ಎರಡರಿಂದ ಮೂರಕ್ಕೆ ಏರಿದ, ಇನ್‌ಕ್ರಿಮೆಂಟೂ ಸಿಕ್ಕಿತು. ನಮ್ಮಷ್ಟು ಸಣ್ಣ ಜಾಗದಲ್ಲಿ ಒಬ್ಬ ರಜೆ ಹಾಕಿದರೆ ಮಷಿನ್ ನಿಲ್ಲುತ್ತೆ. ಹಾಗಾಗಿ ಯಾರಿಗೆ ಏನು ಬರುತ್ತೆ ಅನ್ನುವುದಕ್ಕೇ ಸಂಬಳ ಹೆಚ್ಚಿಸುವುದು ಸರಿ ಅಂತ ನನ್ನ ಅಭಿಪ್ರಾಯ.

ಆದರೆ ಕೆಲಸ ಬರುತ್ತದೆ ಅಂದರೆ ಮಾಡುತ್ತಾರೆ ಅಂತಲ್ಲ. ನಾಲ್ಕನೇ ಹಂತದವರೂ ಮೈಗಳ್ಳರಾಗಬಹುದು. ಅದಕ್ಕೆ ಪೀಸ್ ಟಾರ್ಗೆಟ್ ಬಿಟ್ಟಿಲ್ಲ. ಜಾಬ್ ಬದಲಾದಂತೆ ಪ್ರತಿ ತಿಂಗಳು ಹೊಸದಾಗಿ ಬರೆದು, ಇನ್ಸೆಂಟಿವ್‌ಗೆ ಮಾತ್ರ ಬಳಸುತ್ತೇವೆ. ಅಕೌಂಟ್ಸ್‌ನ ಮೇಡಂಗೆ ಮಾತ್ರ ಇನ್‌ಕ್ರಿಮೆಂಟೂ ಟಾರ್ಗೆಟ್ ಮೇಲೆಯೇ: 90 ದಿನ ದಾಟಿದ ಬಾಕಿ ಎಷ್ಟು ವಸೂಲಾಯಿತು ಅಂತ. ಅಲ್ಲಿ ಫಲ ಅವರ ಫೋನ್ ಮತ್ತು ಫಾಲೋಅಪ್ ಮೇಲೆ ಬಹುಮಟ್ಟಿಗೆ ನಿಂತಿದೆ.

ನಾಲ್ಕನೇ ಹಂತ ಮುಟ್ಟಿದವರಿಗೆ ಮುಂದೇನು? ಮಿಲ್ಲಿಂಗ್ ಮಾಡುವ ವಿಎಂಸಿ ಮಷಿನ್‌ಗೆ ಇನ್ನೊಂದು ಕಾಲಂ ಸೇರಿಸಿದೆವು. ಟರ್ನಿಂಗ್‌ನಲ್ಲಿ ನಾಲ್ಕು ಇರುವ ಹಿರಿಯರೊಬ್ಬರು "ಈ ವಯಸ್ಸಲ್ಲಿ ಅದೆಲ್ಲ ಬೇಡ" ಅಂದರು. ಅವರಿಗೆ ಈಗ ಬೆಲೆ ಏರಿಕೆಗೆ ತಕ್ಕಷ್ಟೇ ಕೊಡುತ್ತೇವೆ. ಅವರು ಹೊಸಬರನ್ನು ಒಂದು ಹಂತ ಏರಿಸಿದರೆ ಅದಕ್ಕೆ ಬೇರೆ ಹಣ.